ಬೆದೆಗೆ ಬರಲಿಲ್ಲ ಅಂದಮಾತ್ರಕ್ಕೆ ಗಬ್ಬವೇ?

ಆಗಸ್ಟ್ 10ರಂದು ನಮ್ಮ ಒಕ್ಕೂಟದ ವ್ಯಾಪ್ತಿಯ ಒಂದು ಹಳ್ಳಿಯಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರ ನಡೆಯಿತು. ಸಂಘದ ಸದಸ್ಯೆಯೊಬ್ಬರು ತಮ್ಮ ಎಮ್ಮೆಯನ್ನು ತೋರಿಸಲು ಬಂದಿದ್ದರು. ಜೊತೆಗೆ ಎಚ್.ಎಫ್. ಮಿಶ್ರತಳಿ ಹಸುವೊಂದನ್ನೂ ಹಿಡಿದುಕೊಂಡು ಬಂದಿದ್ದರು. ಎಮ್ಮೆಯ ಕೆಲಸ ಮುಗಿದ ಮೇಲೆ, "ಇದನ್ನೂ ನೋಡ್ಬೇಕಾ ಅಮ್ಮ?" ಎಂದು ಕೇಳಿದೆ. "ಬೇಡ ಡಾಕ್ಟ್ರಮ್ಮ, ಇದು ಗಬ್ಬ. ಯುಗಾದಿ ಹೊತ್ತಿಗೆ ಸೂಜಿ ಹಾಕ್ಸಿದ್ದು, ಆಮೇಲೆ ಬೆದೆಗೇ ಬಂದಿಲ್ಲ. ಮನೇಲಿ ಒಂದನ್ನೇ ಬಿಟ್ಟು ಬಂದ್ರೆ ಅರಚುತ್ತೆ ಅಂತ ಕರ್ಕೊಂಡ್ ಬಂದೆ" ಅಂದರು.

ಕೈಗವಸು ಹೇಗೂ ಕೈಯಲ್ಲೇ ಇತ್ತು. ನೋಡಿದೆ. ಗರ್ಭಕೋಶ ಖಾಲಿ.

ಆ ತಾಯಿಯ ಮುಖ ನೋಡಿ ನನಗೇ ಬೇಸರವಾಯಿತು. ಸಂಘದ ಎ.ಐ. ಕಾರ್ಯಕರ್ತರ ಪುಸ್ತಕ ತೆಗೆಸಿ ನೋಡಿದೆವು. ಹಸು ಕರು ಹಾಕಿದ್ದು ಜನವರಿ 5, ಕೃತಕ ಗರ್ಭಧಾರಣೆ ಮಾಡಿಸಿದ್ದು ಮಾರ್ಚ್ 25. ಶಿಬಿರದ ದಿನಕ್ಕೆ 138 ದಿನ ಕಳೆದಿತ್ತು. ಅಷ್ಟು ದಿನವೂ ಮನೆಯವರೆಲ್ಲ ಡಿಸೆಂಬರ್ ಕೊನೆಗೆ ಕರು ಬರುತ್ತದೆಂದು ಕಾಯುತ್ತಿದ್ದರು. ಗಬ್ಬದ ಹಸು ಅಂತ ಒಂದು ಹಿಡಿ ಹಿಂಡಿಯನ್ನೂ ಹೆಚ್ಚಿಗೆ ಹಾಕುತ್ತಿದ್ದರು.

ಈ ಹಸುವಿಗೆ ಯಾವ ಕಾಯಿಲೆಯೂ ಇರಲಿಲ್ಲ, ಅದೇ ಇಲ್ಲಿ ಗಮನಿಸಬೇಕಾದದ್ದು. ಗರ್ಭಕೋಶ ಚೊಕ್ಕವಾಗಿತ್ತು, ಅಂಡಾಶಯ ಸರಿಯಾಗಿ ಕೆಲಸ ಮಾಡುತ್ತಿತ್ತು. 21 ದಿನಕ್ಕೊಮ್ಮೆಯ ಲೆಕ್ಕದಲ್ಲಿ ಅದು ಏಪ್ರಿಲ್ 15, ಮೇ 6, ಮೇ 27, ಜೂನ್ 17, ಜುಲೈ 8, ಜುಲೈ 29 ಅಂತ ಆರು ಸಲ ಬೆದೆಗೆ ಬಂದು ಹೋಗಿರಬೇಕು. ಯಾರ ಕಣ್ಣಿಗೂ ಬಿದ್ದಿಲ್ಲ, ಅಷ್ಟೇ.

ಬೆದೆ ಕಾಣದಿರಲು ಕಾರಣಗಳು ಹಲವು

ಬೆದೆಗೆ ಮರಳದಿರುವುದು ಗಬ್ಬದ ಮೊದಲ ಸೂಚನೆ ಎಂಬುದು ನಿಜ. ಹಸುವಿನ ಅಂಡಾಶಯದಿಂದ ಅಂಡ ಹೊರಬಿದ್ದ ಜಾಗದಲ್ಲಿ ಒಂದು ಪುಟ್ಟ ಗಂಟು ಬೆಳೆಯುತ್ತದೆ. ನಾವು ಅದನ್ನು ಸಿ.ಎಲ್. ಎನ್ನುತ್ತೇವೆ. ಅದು ಸ್ರವಿಸುವ ಹಾರ್ಮೋನು ಇರುವಷ್ಟು ದಿನ ಬೆದೆ ಬರುವುದಿಲ್ಲ. ಗಬ್ಬ ಕಟ್ಟದಿದ್ದರೆ ಸುಮಾರು 17ನೇ ದಿನದ ಹೊತ್ತಿಗೆ ಗರ್ಭಕೋಶವೇ ಆ ಗಂಟನ್ನು ಕರಗಿಸಿಬಿಡುತ್ತದೆ, 21ನೇ ದಿನದ ಆಸುಪಾಸಿನಲ್ಲಿ ಹಸು ಮತ್ತೆ ಬೆದೆಗೆ ಬರುತ್ತದೆ. ಭ್ರೂಣ ಇದ್ದರೆ "ನಾನಿದ್ದೇನೆ" ಎಂಬ ಸುದ್ದಿ ಅದಕ್ಕೂ ಮೊದಲೇ ತಾಯಿಯ ಗರ್ಭಕೋಶಕ್ಕೆ ಮುಟ್ಟುತ್ತದೆ. ಆಗ ಗಂಟು ಉಳಿಯುತ್ತದೆ, ಬೆದೆ ನಿಲ್ಲುತ್ತದೆ.

ಆದರೆ ಬೆದೆ ನಿಲ್ಲಲು ಅಥವಾ ನಿಂತಂತೆ ಕಾಣಲು ಬೇರೆ ಕಾರಣಗಳೂ ಇವೆ. ಮೇವು ಸಾಲದೆ ಸೊರಗಿದ ಹಸುವಿನಲ್ಲಿ ಅಂಡಾಶಯವೇ ಮಲಗಿಬಿಡುತ್ತದೆ. ಗರ್ಭಕೋಶದಲ್ಲಿ ಕೀವು ತುಂಬಿದರೆ ಸಿ.ಎಲ್. ಗಂಟು ಕರಗುವುದೇ ಇಲ್ಲ. ಆಗ ಹಸು ತಿಂಗಳುಗಟ್ಟಲೆ ಬೆದೆಗೆ ಬಾರದೆ ಗಬ್ಬದಂತೆಯೇ ನಡೆದುಕೊಳ್ಳುತ್ತದೆ. ಇವೆರಡಕ್ಕಿಂತ ಹೆಚ್ಚಾಗಿ ನಾನು ನೋಡುವುದು ಮೇಲೆ ಹೇಳಿದ ಹಸುವಿನ ತರಹದ್ದನ್ನೇ: ಬೆದೆ ಬಂದಿದೆ, ಆದರೆ ರಾತ್ರಿ ಹತ್ತರ ಮೇಲೆ ಶುರುವಾಗಿ ಬೆಳಗಿನ ಹಾಲು ಕರೆಯುವ ಹೊತ್ತಿಗೆ ಇಳಿದಿದೆ. ಒಂಟಿಯಾಗಿ ಗೂಟಕ್ಕೆ ಕಟ್ಟಿದ ಹಸು ಯಾರ ಮೇಲೆ ಹಾರಿ ತೋರಿಸಬೇಕು?

ಆ ತಾಯಿಯನ್ನು ಕೆದಕಿ ಕೇಳಿದಾಗ ಒಂದೊಂದೇ ನೆನಪಿಗೆ ಬಂತು. ಏಪ್ರಿಲ್ ಮಧ್ಯದಲ್ಲಿ ಒಂದು ಸಂಜೆ ಹಾಲು ಅರ್ಧ ಲೀಟರ್ ಕಡಿಮೆ ಬಂದಿತ್ತು, ಬಿಸಿಲಿಗೆ ಇರಬೇಕು ಅಂದುಕೊಂಡಿದ್ದರಂತೆ. ಇನ್ನೊಂದು ದಿನ ಬಾಲದ ಬುಡದಲ್ಲಿ ಒಣಗಿದ ಅಂಟು ಕಂಡಿತ್ತು, ತೊಳೆದುಹಾಕಿದ್ದರಂತೆ. ಕಂಡದ್ದನ್ನು ಕಂಡಿದ್ದಾರೆ. ಆದರೆ ಯಾವ ದಿನ ಕಾಣಬೇಕು ಎಂಬುದು ಗೊತ್ತಿರಲಿಲ್ಲ.

ಹಾಗಾಗಿ ಎ.ಐ. ಮಾಡಿಸಿದ ದಿನವೇ ಕ್ಯಾಲೆಂಡರಿನಲ್ಲಿ ಎರಡು ಗುರುತು ಹಾಕಿ. ಮೊದಲನೆಯದು 18ರಿಂದ 24ನೇ ದಿನದವರೆಗಿನ ಒಂದು ವಾರ. ಮಾರ್ಚ್ 25ಕ್ಕೆ ಮಾಡಿಸಿದ್ದರೆ ಅದು ಏಪ್ರಿಲ್ 12ರಿಂದ 18. ಆ ವಾರ ಬೆಳಿಗ್ಗೆ ಎದ್ದ ಕೂಡಲೇ, ಸಗಣಿ ಬಾಚುವ ಮೊದಲೇ, ಹಸು ಮಲಗಿದ್ದ ಜಾಗದಲ್ಲಿ ಲೋಳೆ ಬಿದ್ದಿದೆಯೇ ನೋಡಿ. ಕೊಟ್ಟಿಗೆ ತೊಳೆದ ಮೇಲೆ ಆ ಸಾಕ್ಷಿ ಚರಂಡಿ ಸೇರಿರುತ್ತದೆ. ರಾತ್ರಿ ಮಲಗುವ ಮುನ್ನ ಟಾರ್ಚ್ ಹಿಡಿದು ಹತ್ತು ನಿಮಿಷ ಕೊಟ್ಟಿಗೆಯಲ್ಲಿ ನಿಲ್ಲಿ. ಬೇರೆಲ್ಲ ಮಲಗಿ ಮೆಲುಕು ಹಾಕುತ್ತಿದ್ದಾಗ ಇದೊಂದೇ ನಿಂತಿದೆಯೇ, ಪದೇಪದೇ ಗಂಜಲ ಹಾಕುತ್ತಿದೆಯೇ, ಪಕ್ಕದ ರಾಸನ್ನು ಮೂಸುತ್ತಿದೆಯೇ ಎಂದು ನೋಡಿಕೊಳ್ಳಿ. ಎರಡನೆಯ ಗುರುತು 60ನೇ ದಿನಕ್ಕೆ, ಅಂದರೆ ಮೇ 24ಕ್ಕೆ. ಅಂದು ಬೆದೆ ಕಂಡಿರಲಿ ಬಿಡಲಿ, ಪಶುವೈದ್ಯರ ಕೈ ಪರೀಕ್ಷೆ ಆಗಬೇಕು.

ಎಮ್ಮೆಯ ವಿಷಯ ಇನ್ನೂ ಕಷ್ಟ. ಎಮ್ಮೆಯ ಬೆದೆ ಮೂಕ ಬೆದೆ. ಹಾರುವುದು ಅಪರೂಪ. ಲೋಳೆ ಹಸುವಿನಂತೆ ದಾರದ ಹಾಗೆ ಇಳಿಬಿದ್ದು ಕಾಣುವುದಿಲ್ಲ, ಮಲಗಿದಾಗ ಸ್ವಲ್ಪ ಹೊರಬರುತ್ತದೆ, ಅಷ್ಟೆ. ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ ಬರುತ್ತದೆ. ಸೊರ ಬಿಡಲು ಸತಾಯಿಸುವುದು, ಒಮ್ಮೊಮ್ಮೆ ಕೂಗುವುದು, ಸ್ವಲ್ಪ ಸ್ವಲ್ಪವೇ ಗಂಜಲ ಹಾಕುವುದು ಇಷ್ಟರಲ್ಲೇ ತಿಳಿಯಬೇಕು. ಇನ್ನೊಂದು ಮಾತು: ಎಮ್ಮೆಗಳು ಹಗಲು ಚಿಕ್ಕದಾಗುವ ಅಕ್ಟೋಬರಿನಿಂದ ಫೆಬ್ರವರಿವರೆಗೆ ಚೆನ್ನಾಗಿ ಬೆದೆಗೆ ಬರುತ್ತವೆ, ಬೇಸಿಗೆಯಲ್ಲಿ ಕಡಿಮೆ. ನವೆಂಬರಿನಲ್ಲಿ ಎ.ಐ. ಮಾಡಿಸಿದ ಎಮ್ಮೆ ಖಾಲಿ ಎಂದು ಜನವರಿಯಲ್ಲೇ ಗೊತ್ತಾದರೆ ಅದೇ ಹಂಗಾಮಿನಲ್ಲಿ ಇನ್ನೊಂದು ಪ್ರಯತ್ನಕ್ಕೆ ಕಾಲ ಇರುತ್ತದೆ. ಏಪ್ರಿಲಿನಲ್ಲಿ ಗೊತ್ತಾದರೆ ಮಳೆಗಾಲ ಕಳೆಯುವವರೆಗೂ ಕಾಯಬೇಕಾಗಬಹುದು. ಎಮ್ಮೆ ಸಾಕಿದವರು 60ನೇ ದಿನದ ಪರೀಕ್ಷೆಯನ್ನು ಹಸು ಸಾಕಿದವರಿಗಿಂತ ಬಿಗಿಯಾಗಿ ಪಾಲಿಸಬೇಕು ಎಂದು ನಾನು ಹೇಳುವುದು ಇದಕ್ಕೇ.

ಕೊಟ್ಟಿಗೆಯಲ್ಲಿ ಕಾಣುವ ಗುರುತುಗಳು

ಎ.ಐ. ಆದ ಒಂದೆರಡು ದಿನಕ್ಕೆ ಬಾಲದಲ್ಲಿ ರಕ್ತ ಮೆತ್ತಿದ್ದನ್ನು ನೋಡಿ ಗಾಬರಿಯಿಂದ ಫೋನ್ ಮಾಡುವವರು ಇದ್ದಾರೆ. "ಗಬ್ಬ ಹೋಯ್ತು" ಎಂದು ಕೆಲವರು, "ಗಬ್ಬ ನಿಂತಿತು" ಎಂದು ಕೆಲವರು. ಎರಡೂ ಅಲ್ಲ. ಬೆದೆ ಇಳಿದ ಮೇಲೆ ಹಲವು ಹಸುಗಳಲ್ಲಿ, ಕಡಸುಗಳಲ್ಲಿ ಇನ್ನೂ ಹೆಚ್ಚಾಗಿ, ಹೀಗೆ ಸ್ವಲ್ಪ ರಕ್ತ ಬರುತ್ತದೆ. ಅದು ಬೆದೆ ಬಂದು ಹೋಯಿತು ಎಂಬುದಕ್ಕೆ ಗುರುತು, ಗಬ್ಬದ ಬಗ್ಗೆ ಏನನ್ನೂ ಹೇಳುವುದಿಲ್ಲ. ಬೆದೆಯನ್ನೇ ನೋಡದೆ ಈ ರಕ್ತ ಮಾತ್ರ ಕಂಡಿದ್ದರೆ ಅದೂ ಉಪಯೋಗಕ್ಕೆ ಬರುತ್ತದೆ. ಎರಡು ದಿನ ಹಿಂದಕ್ಕೆ ಎಣಿಸಿ ಬೆದೆಯ ದಿನ ಎಂದು ಬರೆದುಕೊಳ್ಳಿ, ಅಲ್ಲಿಂದ 21 ದಿನ ಲೆಕ್ಕ ಹಾಕಿ.

ಮೈ ಮಿರುಗುವುದು, ಹಸು ಸೌಮ್ಯವಾಗುವುದು, ಮೇವು ಚೆನ್ನಾಗಿ ತಿನ್ನುವುದು ಇವನ್ನೆಲ್ಲ ನಮ್ಮ ಅತ್ತೆಯಂದಿರು ಗಬ್ಬದ ಗುರುತು ಎನ್ನುತ್ತಿದ್ದರು. ಸುಳ್ಳೆಂದು ಹೇಳಲಾರೆ, ಆದರೆ ಒಳ್ಳೆಯ ಹಸಿರು ಮೇವು ಸಿಕ್ಕ ಖಾಲಿ ಹಸುವೂ ಹಾಗೆಯೇ ಕಾಣುತ್ತದೆ. ಕೈಗೆ, ಕಣ್ಣಿಗೆ ನಿಜವಾಗಿ ಸಿಗುವ ಗುರುತುಗಳು ತಡವಾಗಿ ಬರುತ್ತವೆ. ಕಡಸಿನ ಮೊಲೆಯಿಂದ ನಾಲ್ಕು ತಿಂಗಳು ದಾಟಿದ ಮೇಲೆ ಜೇನಿನಂತೆ ಅಂಟಾದ ದ್ರವ ಬರಬಹುದು. ಕರೆಯುವ ಹಸುವಿನ ಹಾಲು ಐದನೇ ತಿಂಗಳಿಂದ ಇಳಿಯುತ್ತದೆ. ಬಲ ಪಕ್ಕೆಯ ಕೆಳಗೆ ಮುಷ್ಟಿಯಿಂದ ಮೆಲ್ಲಗೆ ಒತ್ತಿದರೆ ಒಳಗೆ ಗಟ್ಟಿಯಾದದ್ದು ತೇಲಿ ಬಂದು ತಾಗುವುದು ಏಳನೇ ತಿಂಗಳ ಹೊತ್ತಿಗೆ. ಆಗ ತಿಳಿದು ಏನು ಮಾಡುವುದು? ಖಾಲಿ ಇದ್ದಿದ್ದರೆ ಕಳೆಯಬೇಕಾದ ದಿನಗಳೆಲ್ಲ ಕಳೆದಾಗಿರುತ್ತದೆ.

ಗಂಜಲದಲ್ಲಿ ಗೋಧಿ ನೆನೆಹಾಕುವ ಪರೀಕ್ಷೆಯ ಬಗ್ಗೆಯೂ ಶಿಬಿರಗಳಲ್ಲಿ ಕೇಳುತ್ತಾರೆ. ಇದಕ್ಕೆ ಪುಣ್ಯಕೋಟಿ ಪರೀಕ್ಷೆ ಎಂಬ ಚೆಂದದ ಹೆಸರಿದೆ. ಹಸುವಿನ ಗಂಜಲವನ್ನು ಬಹಳಷ್ಟು ನೀರಿನಲ್ಲಿ ತೆಳುಮಾಡಿ ಅದರಲ್ಲಿ ಗೋಧಿ ಕಾಳು ಇಟ್ಟು ಐದು ದಿನ ನೋಡುವುದು. ಗಬ್ಬದ ಹಸುವಿನದಾದರೆ ಮೊಳಕೆ ಕಡಿಮೆ, ಗಿಡ್ಡ. ಖರ್ಚಿಲ್ಲ, ಹಸುವಿಗೆ ನೋವಿಲ್ಲ, ಮಾಡಿ ನೋಡುವುದಕ್ಕೆ ಅಡ್ಡಿಯಿಲ್ಲ. ಮಾಡುವುದಾದರೆ ಪಕ್ಕದಲ್ಲಿ ಬರೀ ನೀರಿನಲ್ಲೂ ಅಷ್ಟೇ ಕಾಳು ಇಡಿ, ಇಲ್ಲದಿದ್ದರೆ ಮೊಳೆಯದ್ದು ಗಂಜಲದಿಂದಲೋ ಹುಳುಕು ಬೀಜದಿಂದಲೋ ತಿಳಿಯುವುದಿಲ್ಲ. ಆದರೆ ಇದು ತಪ್ಪು ಉತ್ತರವನ್ನೂ ಕೊಡುತ್ತದೆ. ಗೋಧಿ ಹೇಳಿತು ಅಂತ 60ನೇ ದಿನದ ಪರೀಕ್ಷೆ ಬಿಡಬೇಡಿ.

ಕೈ ಹಾಕಿದಾಗ ಏನು ತಿಳಿಯುತ್ತದೆ

ಪಶುವೈದ್ಯರು ಸಗಣಿದಾರಿಯಲ್ಲಿ ಕೈ ಹಾಕುತ್ತಾರೆಯೇ ಹೊರತು ಗರ್ಭಕೋಶದ ಒಳಗಲ್ಲ. ಇದು ತಿಳಿಯದೆ ಹೆದರುವವರು ಬಹಳ. ಭುಜದವರೆಗೆ ಕೈಗವಸು ಹಾಕಿ, ಜಾರಲು ಸೋಪಿನ ನೀರೋ ಎಣ್ಣೆಯೋ ಹಚ್ಚಿ, ಸಗಣಿ ತೆಗೆದು, ಆ ತೆಳು ಗೋಡೆಯ ಮೇಲಿನಿಂದಲೇ ಕೆಳಗಿರುವ ಗರ್ಭಕೋಶವನ್ನು ಮುಟ್ಟಿ ನೋಡುತ್ತಾರೆ. ಚೀಲದೊಳಗಿನ ತೆಂಗಿನಕಾಯಿಯನ್ನು ಹೊರಗಿನಿಂದ ಮುಟ್ಟಿ ಗುರುತಿಸಿದ ಹಾಗೆ.

ಹಸುವಿನ ಗರ್ಭಕೋಶಕ್ಕೆ ಟಗರಿನ ಕೊಂಬಿನಂತೆ ಸುರುಳಿಯಾದ ಎರಡು ಕೊಂಬುಗಳಿವೆ. ಖಾಲಿ ಇದ್ದಾಗ ಎರಡೂ ಹೆಚ್ಚುಕಡಿಮೆ ಒಂದೇ ದಪ್ಪ, ಹಿಚುಕಿದರೆ ತುಂಬಿದ ಮಾಂಸದಂತೆ. ಗಬ್ಬವಾದ 45ನೇ ದಿನದ ಹೊತ್ತಿಗೆ ಕರು ಇರುವ ಕೊಂಬು ತುಸು ಊದಿಕೊಳ್ಳುತ್ತದೆ. 60ನೇ ದಿನಕ್ಕೆ ಅದು ಇನ್ನೊಂದರ ಎರಡರಷ್ಟು ದಪ್ಪ, ಗೋಡೆ ತೆಳು. ಬೆರಳಲ್ಲಿ ತಟ್ಟಿದರೆ ನೀರು ತುಂಬಿದ ಬಲೂನು ತುಳುಕಿದಂತೆ ಆಗುತ್ತದೆ. ಮೆಲ್ಲಗೆ ಚಿವುಟಿ ಬಿಟ್ಟಾಗ ಒಳಗಿನ ತೆಳು ಪೊರೆ ಬೆರಳಿನ ಸಂದಿಯಿಂದ ಮೊದಲು ಜಾರುತ್ತದೆ, ಆಮೇಲೆ ಹೊರಗೋಡೆ ಜಾರುತ್ತದೆ. ಈ ಪೊರೆ ಜಾರುವುದು ಸಿಕ್ಕರೆ ಗಬ್ಬ ಎಂದು ಧೈರ್ಯವಾಗಿ ಹೇಳಬಹುದು. ಕೀವು ತುಂಬಿದ ಗರ್ಭಕೋಶವೂ ದಪ್ಪವಾಗಿರುತ್ತದೆ, ಆದರೆ ಅದರಲ್ಲಿ ಈ ಪೊರೆ ಇರುವುದಿಲ್ಲ. ಎಮ್ಮೆಯಲ್ಲೂ ಪರೀಕ್ಷೆ ಇದೇ, ಆದರೆ 45ಕ್ಕೆ ಅವಸರಪಡದೆ 60ರಿಂದ 70ನೇ ದಿನದೊಳಗೆ ಮಾಡಿಸಿದರೆ ಅನುಮಾನ ಉಳಿಯುವುದಿಲ್ಲ.

ಎರಡು ತಿಂಗಳಿಗೆ ಕರು ಒಂದು ಇಲಿಮರಿಯಷ್ಟು, ಮೂರು ತಿಂಗಳಿಗೆ ಹೆಗ್ಗಣದಷ್ಟು, ಐದಕ್ಕೆ ದೊಡ್ಡ ಬೆಕ್ಕಿನಷ್ಟು ಎಂಬುದು ನಾವು ಕಾಲೇಜಿನಲ್ಲಿ ಕಲಿತ ಅಂದಾಜು. ಮೂರು ತಿಂಗಳು ದಾಟಿದ ಮೇಲೆ ಗರ್ಭಕೋಶ ಭಾರಕ್ಕೆ ಹೊಟ್ಟೆಯೊಳಗೆ ಇಳಿದುಬಿಡುವುದರಿಂದ ಕರು ಕೈಗೆ ಸಿಗದೆ ಹೋಗಬಹುದು. ಆಗ ಸತ್ತೆ ಅಂಟಿಕೊಳ್ಳುವ ಗುಂಡಿಯಂಥ ಗಂಟುಗಳನ್ನೂ, ಗರ್ಭಕೋಶಕ್ಕೆ ಹೋಗುವ ರಕ್ತನಾಳ ಝುಮ್ಮೆನ್ನುವುದನ್ನೂ ನೋಡಿ ತಿಂಗಳು ಹೇಳುತ್ತೇವೆ.

"ಕೈ ಹಾಕಿದರೆ ಗಬ್ಬ ಬಿದ್ದುಹೋಗುತ್ತೆ" ಎಂಬ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. ಪಳಗದ ಕೈ 35-40ನೇ ದಿನದಲ್ಲಿ ಒರಟಾಗಿ ಹಿಚುಕಿದರೆ ಕರುವಿನ ನೀರಿನ ಚೀಲಕ್ಕೆ ಪೆಟ್ಟಾಗಬಹುದು. ಆದ್ದರಿಂದ ಪಶುವೈದ್ಯರಲ್ಲದವರಿಂದ, ಅಥವಾ ವಾರಕ್ಕೊಬ್ಬರಿಂದ ನೋಡಿಸುವುದು ಬೇಡ. ಪಳಗಿದವರು 60ನೇ ದಿನ ಒಂದು ಸಲ ನೋಡಿದರೆ ಹೆದರಬೇಕಿಲ್ಲ. ನಿಮ್ಮ ಕಡೆಯಿಂದ ಒಂದು ಸಹಾಯ: ಬೆಳಿಗ್ಗೆ ಹೊಟ್ಟೆ ತುಂಬ ಮೇವು ಹಾಕುವ ಮೊದಲೇ ನೋಡಿಸಿ, ಹಸುವನ್ನು ಬಿಗಿಯಾಗಿ ಕಟ್ಟಿ, ಅದಕ್ಕೆ ಅಭ್ಯಾಸವಿರುವ ನೀವೇ ಕೊರಳ ಬಳಿ ನಿಂತುಕೊಳ್ಳಿ.

ಸ್ಕ್ಯಾನಿಂಗ್ ಯಂತ್ರ ಇರುವಲ್ಲಿ 28-30ನೇ ದಿನಕ್ಕೇ ಗಬ್ಬ ತಿಳಿಯುತ್ತದೆ, ಕರುವಿನ ಹೃದಯ ಮಿಡಿಯುವುದೂ ಪರದೆಯ ಮೇಲೆ ಕಾಣುತ್ತದೆ. ಕರುವಿನ ಸತ್ತೆಯಿಂದ ಬರುವ ಒಂದು ಪ್ರೋಟೀನನ್ನು ತಾಯಿಯ ರಕ್ತದಲ್ಲೋ ಹಾಲಿನಲ್ಲೋ ಹುಡುಕುವ ಪರೀಕ್ಷೆಯೂ 28ನೇ ದಿನದ ನಂತರ ಉತ್ತರ ಕೊಡುತ್ತದೆ. ಆದರೆ ಹಿಂದಿನ ಕರುವಿನ ಪ್ರೋಟೀನು ಹೆರಿಗೆಯಾದ ಎರಡು ತಿಂಗಳಿಗೂ ಹೆಚ್ಚು ಕಾಲ ರಕ್ತದಲ್ಲಿ ಉಳಿದಿರುವುದುಂಟು. ಕರು ಹಾಕಿ ಬೇಗನೆ ಮಾಡಿಸಿದರೆ ಖಾಲಿ ಹಸುವನ್ನೂ ಗಬ್ಬ ಎಂದುಬಿಡುತ್ತದೆ. ಇಷ್ಟು ಬೇಗ ಗಬ್ಬ ಎಂದು ತಿಳಿದವರು 60-90ನೇ ದಿನದಲ್ಲಿ ಮತ್ತೊಮ್ಮೆ ನೋಡಿಸಲೇಬೇಕು. ಏಕೆಂದರೆ ಕೆಲವು ಭ್ರೂಣಗಳು ಮೊದಲ ಎರಡು ತಿಂಗಳಲ್ಲೇ ಸದ್ದಿಲ್ಲದೆ ಕರಗಿಹೋಗುತ್ತವೆ. ಹಸು 30, 35ನೇ ದಿನ ಹೀಗೆ ಲೆಕ್ಕ ತಪ್ಪಿದ ದಿನದಲ್ಲಿ ಬೆದೆಗೆ ಬಂದರೆ ಹಾಗೆ ಆಗಿರಬಹುದು. ಅದನ್ನೂ ಪುಸ್ತಕದಲ್ಲಿ ಬರೆಸಿ.

ಪರೀಕ್ಷೆ ಇಲ್ಲದೆ ಸೂಜಿ ಬೇಡ

ಎರಡು ಸಂದರ್ಭಗಳಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಒಂದು, ಗಬ್ಬದ ಹಸುವೇ ಬೆದೆ ತೋರಿಸಿದಾಗ. ಗಬ್ಬವಾದ ಕೆಲವು ಹಸುಗಳು ನಡುವೆ ಒಮ್ಮೆ ಬೆದೆಗೆ ಬಂದಂತೆ ಆಡುತ್ತವೆ. ಆಗ ಕೈ ಹಾಕಿ ನೋಡದೆ ಮತ್ತೆ ಎ.ಐ. ಮಾಡಿದರೆ ಗರ್ಭಕಂಠದ ಬಾಯಿ ಮುಚ್ಚಿರುವ ಗಟ್ಟಿ ಲೋಳೆಯ ಬಿರಡೆ ಒಡೆದು ಕರು ಹೋಗುತ್ತದೆ. ಎರಡನೆಯದು, "ಬೆದೆ ಬರಿಸುವ ಇಂಜೆಕ್ಷನ್". ಅದು ಸಿ.ಎಲ್. ಗಂಟನ್ನು ಕರಗಿಸುವ ಔಷಧ. ಖಾಲಿ ಹಸುವಿನಲ್ಲಿ ಬೆದೆ ತರುತ್ತದೆ, ಗಬ್ಬದ ಹಸುವಿನಲ್ಲಿ ಅದೇ ಗಂಟಿನ ಮೇಲೆ ನಿಂತಿರುವ ಗಬ್ಬವನ್ನು ಕೆಡವುತ್ತದೆ. ಬೆದೆಗೆ ಬಂದಿಲ್ಲವೆಂದು ಪರೀಕ್ಷೆಯಿಲ್ಲದೆ ಹಾಕಿಸಿ, ಎರಡು ತಿಂಗಳ ಕರುವನ್ನು ಕೈಯಾರೆ ಕಳೆದುಕೊಂಡವರನ್ನು ನೋಡಿದ್ದೇನೆ.

ಆಗಸ್ಟ್ 10ರ ಆ ಹಸುವಿಗೆ ಇದೇ ಔಷಧ ಉಪಕಾರಕ್ಕೆ ಬಂತು. ಗರ್ಭಕೋಶ ಖಾಲಿ ಎಂದು ಖಚಿತವಾಗಿತ್ತು, ಅಂಡಾಶಯದ ಮೇಲೆ ಬಲಿತ ಸಿ.ಎಲ್. ಇತ್ತು. ಇಂಜೆಕ್ಷನ್ ಕೊಟ್ಟೆ. "ಮೂರರಿಂದ ಐದು ದಿನದೊಳಗೆ ಬೆದೆಗೆ ಬರುತ್ತೆ, ರಾತ್ರಿಯೂ ನೋಡಿ" ಎಂದು ಹೇಳಿ ಕಳಿಸಿದೆ. 14ರ ಬೆಳಗಿನ ಜಾವ ಬೆದೆ ಕಂಡು, ಅದೇ ಸಂಜೆ ಎ.ಐ. ಆಯಿತು.

ಈಗ ಲೆಕ್ಕ ನೋಡಿ. ಹಸುವಿನ ಗಬ್ಬ ಸುಮಾರು 280 ದಿನ, ಎಮ್ಮೆಯದು 310. ಏಪ್ರಿಲ್ 15ರ ಬೆದೆಯನ್ನು ಹಿಡಿದು ಗಬ್ಬ ನಿಂತಿದ್ದರೆ ಜನವರಿ 20ಕ್ಕೆ ಕರು. ಅದು ತಪ್ಪಿ, ಮೇ 24ರ ಪರೀಕ್ಷೆಯಲ್ಲಿ ಖಾಲಿ ಎಂದು ತಿಳಿದಿದ್ದರೂ ಮೂರೇ ದಿನಕ್ಕೆ, ಮೇ 27ಕ್ಕೆ, ಮುಂದಿನ ಬೆದೆ ಇತ್ತು. ಆಗ ನಿಂತಿದ್ದರೆ ಮಾರ್ಚ್ 3ಕ್ಕೆ ಕರು. ಆಗಸ್ಟ್ 14ರದು ನಿಂತರೆ ಮೇ 21. ಪರೀಕ್ಷೆ ಒಂದನ್ನು ಬಿಟ್ಟದ್ದರಿಂದ ಹೋದದ್ದು 79 ದಿನ. ಹಾಲು ಬತ್ತಿದ ಹಸುವಿನ ಮೇವು-ಹಿಂಡಿಗೆ ದಿನಕ್ಕೆ 120 ರೂಪಾಯಿ ಎಂದಿಟ್ಟುಕೊಂಡರೂ 9,480 ರೂಪಾಯಿ ಆಯಿತು. ಅಷ್ಟು ದಿನ ಡೇರಿಗೆ ಹೋಗದ ಹಾಲಿನ ಲೆಕ್ಕ ಬೇರೆ, ಅದನ್ನು ನಿಮ್ಮ ನಿಮ್ಮ ಪಾಸ್‌ಬುಕ್ ನೋಡಿ ನೀವೇ ಹಾಕಿಕೊಳ್ಳಿ.

ಗಬ್ಬ ಎಂದು ತಿಳಿದರೆ ಅದೇ ದಿನ ಇನ್ನೊಂದು ತಾರೀಖನ್ನೂ ಬರೆದುಕೊಳ್ಳಬಹುದು, ಕರು ಹಾಕುವ ದಿನಕ್ಕೆ 60 ದಿನ ಮೊದಲು ಹಾಲು ಬತ್ತಿಸುವ ದಿನ. ಖಾಲಿ ಎಂದರೆ "ಯಾಕೆ ಖಾಲಿ?" ಎಂದು ಪಶುವೈದ್ಯರನ್ನು ಕೇಳದೆ ಬಿಡಬೇಡಿ. ಅಂಡಾಶಯ ಕೆಲಸ ಮಾಡುತ್ತಿದೆಯೇ, ಗರ್ಭಕೋಶದಲ್ಲಿ ಸೋಂಕಿದೆಯೇ, ಮುಂದಿನ ಬೆದೆ ಅಂದಾಜು ಯಾವಾಗ ಎಂಬುದು ಅದೇ ಪರೀಕ್ಷೆಯಲ್ಲಿ ಗೊತ್ತಾಗಿರುತ್ತದೆ. ಕಿವಿಯೋಲೆಯ 12 ಅಂಕಿ ಮತ್ತು ಎ.ಐ. ಮಾಡಿಸಿದ ತಾರೀಖು ನಿಮ್ಮ ಕೈಯಲ್ಲಿದ್ದರೆ ನಮಗೂ ಹೇಳಲು ಸುಲಭ. "ಹಬ್ಬದ ಆಸುಪಾಸಲ್ಲಿ ಮಾಡ್ಸಿದ್ದು" ಎಂದರೆ ಕೈಗೆ ಸಿಕ್ಕ ಗಬ್ಬ ಎಷ್ಟು ದಿನದ್ದೆಂದು ಹೊಂದಿಸಿ ನೋಡಲು ಆಗುವುದಿಲ್ಲ.

ಆ ತಾಯಿ ಕೊಟ್ಟಿಗೆಯ ಗೋಡೆಯ ಮೇಲೆ ಮಗಳಿಂದ ಸೀಮೆಸುಣ್ಣದಲ್ಲಿ ಬರೆಸಿದ್ದರು: "ಸೂಜಿ ಆ. 14. ನೋಡೋದು ಸೆ. 1–7. ಡಾಕ್ಟರ್ ಅ. 13." ಸೆಪ್ಟೆಂಬರ್ ಮೊದಲ ವಾರ ಅವರಿಗೆ ಬೆದೆಯ ಗುರುತು ಯಾವುದೂ ಕಾಣಲಿಲ್ಲ. ಆದರೂ ಈ ಸಲ ಗಬ್ಬ ಎಂದು ಯಾರಿಗೂ ಹೇಳಿಕೊಳ್ಳಲಿಲ್ಲವಂತೆ. ಅಕ್ಟೋಬರ್ 13ರ ಬೆಳಿಗ್ಗೆ ಆರೂವರೆಗೆ ನಾನು ಹೋದಾಗ ಹಸುವನ್ನು ಆಗಲೇ ಕಟ್ಟಿ, ಬಿಸಿನೀರು, ಸೋಪು ಇಟ್ಟುಕೊಂಡು ನಿಂತಿದ್ದರು. ಬಲಗಡೆಯ ಕೊಂಬಿನಲ್ಲಿ ಪೊರೆ ಬೆರಳಿಂದ ಜಾರಿತು. ಗೋಡೆಯ ಮೇಲೆ ಅವರ ಮಗಳು ಇನ್ನೆರಡು ತಾರೀಖು ಬರೆದಳು: ಹಾಲು ಬತ್ತಿಸುವುದು ಮಾರ್ಚ್ 22, ಕರು ಮೇ 21.